60 ಲಕ್ಷದ ಗೋದಾಮು 90 ಲಕ್ಷಕ್ಕೆ: ಕಂಪನಿ ಏನು ಕೇಳಬಹುದು? (ಮಾದರಿ ಪ್ರಶ್ನೆ)

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಮುಂದಿನ ವಾರ ಕಂಪನಿ ಕಾನೂನಿನ ಪೇಪರ್. ನಮ್ಮ ಮೇಷ್ಟ್ರು ಒಂದು ಮಾದರಿ ಪ್ರಶ್ನೆ ಕೊಟ್ಟಿದ್ದಾರೆ. ಮೂರು ಸಲ ಬರೆದೆ, ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಪ್ರಶ್ನೆ ಪೂರ್ತಿ ಹಾಕಿದ್ದೇನೆ.

ಶಿವಮೊಗ್ಗದಲ್ಲಿ ಅಡಿಕೆ ಸಂಸ್ಕರಣೆಯ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, 2019ರಲ್ಲಿ ಶುರುವಾದದ್ದು. ಷೇರು ಹೀಗಿದೆ: ಕ ಶೇ 40, ಅವನ ಹೆಂಡತಿ ಖ ಶೇ 20, ಗ ಶೇ 25, ಘ ಶೇ 15. ಕ, ಖ, ಗ ನಿರ್ದೇಶಕರು. ಘ ಬರೀ ಷೇರುದಾರ. ಕಂಪನಿಯ ನೆಟ್‌ವರ್ತ್ 4 ಕೋಟಿ. ಕ 2016ರಲ್ಲೇ 30 ಲಕ್ಷಕ್ಕೆ ಒಂದು ಗೋದಾಮು ಕೊಂಡಿದ್ದ. 2023ರ ಜೂನ್‌ನಲ್ಲಿ ಮಂಡಳಿ ಸಭೆಯಲ್ಲಿ ಅವನು "ಪರಿಚಯದವರ ಗೋದಾಮು ಇದೆ, 90 ಲಕ್ಷಕ್ಕೆ ಕೊಡ್ತಾರೆ" ಎಂದ. ತನ್ನದು ಅಂತ ಹೇಳಲಿಲ್ಲ. ಮೂವರೂ ಸಹಿ ಹಾಕಿದರು. ಕ್ರಯಪತ್ರಕ್ಕೆ ಮಾರುವವನಾಗಿ ಕ, ಕಂಪನಿ ಪರವಾಗಿ ಖ ಸಹಿ ಹಾಕಿದರು. ಸಾಮಾನ್ಯ ಸಭೆ ಕರೆಯಲಿಲ್ಲ. 2025ರಲ್ಲಿ ಬ್ಯಾಂಕ್ ಸಾಲಕ್ಕೆ ಅಂತ ಗ ಇ.ಸಿ. ತೆಗೆಸಿದಾಗ ಮಾರಿದವನ ಹೆಸರು ಗೊತ್ತಾಯಿತು. ಖರೀದಿ ಹೊತ್ತಿಗೆ ಅದರ ಮಾರುಕಟ್ಟೆ ಬೆಲೆ 60 ಲಕ್ಷ ಅಂತ ನೋಂದಾಯಿತ ಮೌಲ್ಯಮಾಪಕರು ಬರೆದುಕೊಟ್ಟರು.

(ಅ) ಕಂಪನಿಗೆ ಇರುವ ಪರಿಹಾರಗಳೇನು? (ಆ) ಕಂಪನಿ ಆ ಗೋದಾಮನ್ನು ಈಗಾಗಲೇ ಬೇರೆಯವರಿಗೆ ಮಾರಿಬಿಟ್ಟಿದ್ದರೆ?

ಸಹ್ಯಾದ್ರಿ ಹುಡುಗ:
ಇದು ಸುಲಭ ಅಲ್ವಾ. ಕಂಪನಿಯ ಆಸ್ತಿಯನ್ನು ನಿರ್ದೇಶಕ ಕಡಿಮೆ ಬೆಲೆಗೆ ಹೊಡೆದುಕೊಂಡಿದ್ದಾನೆ. ಇಂಥದ್ದೇ ಇಂಗ್ಲಿಷ್ ಕೇಸ್ ಇದೆ, ಡೇನಿಯಲ್ಸ್, 1978. ಕಂಪನಿ ಜಮೀನನ್ನು 4,250 ಪೌಂಡಿಗೆ ನಿರ್ದೇಶಕಿಗೆ ಮಾರಿದ್ದರು, ಅವಳು ಅದನ್ನೇ 1,20,000 ಪೌಂಡಿಗೆ ಮಾರಿದಳು. ಅದನ್ನು ಬರೆದರೆ ಮುಗೀತು.

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಮಾರಾಯ, ಪ್ರಶ್ನೆ ಇನ್ನೊಮ್ಮೆ ಓದು. ಇಲ್ಲಿ ಮಾರಿದವನು ನಿರ್ದೇಶಕ, ಕೊಂಡದ್ದು ಕಂಪನಿ. ನಿನ್ನ ಕೇಸಿನಲ್ಲಿ ಉಲ್ಟಾ.

ಸಹ್ಯಾದ್ರಿ ಹುಡುಗ:
ಅಯ್ಯೋ. ಹೌದು. ಬಸ್ಸಿನಲ್ಲಿ ಕೂತು ಓದಿದ್ದೆ.

ಕೋರ್ಟ್ ಬೀದಿ:
ನಾನು ಪ್ರಾಕ್ಟೀಸ್ ಶುರು ಮಾಡಿ ಎರಡು ವರ್ಷ. ನನ್ನ ಉತ್ತರ ಇದು. ಕ ತನ್ನ ಆಸಕ್ತಿ ಹೇಳಲಿಲ್ಲ, 2013ರ ಕಂಪನಿ ಕಾಯ್ದೆಯ ಸೆಕ್ಷನ್ 184 ಮುರಿದ. ಹಾಗಾಗಿ ಒಪ್ಪಂದ ವಾಯ್ಡ್. ಜೊತೆಗೆ ಸೆಕ್ಷನ್ 192, ನಿರ್ದೇಶಕನಿಂದ ಆಸ್ತಿ ಕೊಳ್ಳಲು ಸಾಮಾನ್ಯ ಸಭೆಯ ಒಪ್ಪಿಗೆ ಬೇಕು, ಅದೂ ಇಲ್ಲ. ಗೋದಾಮು ವಾಪಸ್, 90 ಲಕ್ಷ ವಾಪಸ್. ಆದರೆ ದಾವೆ ಹೂಡಬೇಕಾದ್ದು ಕಂಪನಿ. 1843ರ ಫಾಸ್ ಕೇಸಿನಿಂದ ಅದೇ ನಿಯಮ. ಕಂಪನಿ ಅಂದರೆ ಇಲ್ಲಿ ಕ ಮತ್ತು ಖ. ಆದ್ದರಿಂದ ಗ ಪಾಪ, ಏನೂ ಮಾಡಲಾಗದು.

ಹಳೇ ಸಿ.ಎಸ್.:
ಕೋರ್ಟ್ ಬೀದಿಯವರೇ, ಅರ್ಧ ಸರಿ ಇದೆ. ಉಳಿದರ್ಧಕ್ಕೆ ಪರೀಕ್ಷಕರು ಕೆಂಪು ಪೆನ್ನು ಎತ್ತುತ್ತಾರೆ.

ಮೊದಲು 192. ಅದು ನಗದು ಅಲ್ಲದ ವ್ಯವಹಾರಕ್ಕೆ ಮಾತ್ರ. ಗೋದಾಮಿಗೆ ಬದಲಾಗಿ ಕಂಪನಿ ಷೇರು ಕೊಟ್ಟಿದ್ದರೆ ಅಥವಾ ಇನ್ನೊಂದು ಆಸ್ತಿ ಕೊಟ್ಟಿದ್ದರೆ 192 ಬರುತ್ತಿತ್ತು. ಇಲ್ಲಿ ದುಡ್ಡು ಕೊಟ್ಟಿದ್ದಾರೆ. ಸುಮ್ನೆ ಬರೆದರೆ ಅಂಕ ಹೋಗುತ್ತದೆ.

ಎರಡನೆಯದು 184. ಎಲ್ಲರೂ ಕಣ್ಣು ಮುಚ್ಚಿ ಇದನ್ನು ಮೊದಲು ಬರೆಯುತ್ತಾರೆ. ಬೇರ್ ಆಕ್ಟ್ ತೆಗೆದು 184(2) ನಿಧಾನವಾಗಿ ಓದಿ. ನಿರ್ದೇಶಕನಿಗೆ ಶೇ 2ಕ್ಕಿಂತ ಜಾಸ್ತಿ ಷೇರಿರುವ ಇನ್ನೊಂದು ಕಂಪನಿಯ ಜೊತೆ, ಅಥವಾ ಅವನು ಪಾಲುದಾರನೋ ಮಾಲೀಕನೋ ಸದಸ್ಯನೋ ಆಗಿರುವ ಫರ್ಮು ಅಥವಾ ಇತರೆ ಸಂಸ್ಥೆಯ ಜೊತೆ ಆಗುವ ಒಪ್ಪಂದ ಅಂತ ಇದೆ. ನಿರ್ದೇಶಕ ತಾನೇ ನೇರವಾಗಿ ಮಾರಿದರೆ? ಅಕ್ಷರ ಹಿಡಿದು ಓದಿದರೆ ಅದು ಅಲ್ಲಿ ಕಾಣುವುದಿಲ್ಲ. ಉದ್ದೇಶ ನೋಡಿ ಓದಿದರೆ ಸೇರಿಸಬಹುದು. ಎರಡೂ ವಾದ ಇದೆ. 184ರ ಮೇಲೆ ಇಡೀ ಉತ್ತರ ಕಟ್ಟಬೇಡಿ ಅಂತಷ್ಟೇ ಹೇಳುತ್ತೇನೆ. ಇನ್ನು 184(3) ಹತ್ತಿದರೂ ಅದು ವಾಯ್ಡ್ ಅಲ್ಲ, ವಾಯ್ಡಬಲ್. ಕಂಪನಿ ಬೇಕಿದ್ದರೆ ರದ್ದು ಮಾಡಬಹುದು, ಬೇಡದಿದ್ದರೆ ಇಟ್ಟುಕೊಳ್ಳಬಹುದು. ಈ ಆಯ್ಕೆಯೇ ಈ ಪ್ರಶ್ನೆಯ ತಿರುಳು.

ಗಟ್ಟಿ ನೆಲ 188. ನಿರ್ದೇಶಕ ಸಂಬಂಧಿತ ವ್ಯಕ್ತಿ, ಅದರಲ್ಲಿ ಅನುಮಾನ ಇಲ್ಲ. ಆಸ್ತಿ ಖರೀದಿ ಆ ಪಟ್ಟಿಯಲ್ಲಿದೆ. ಮಂಡಳಿಯ ಒಪ್ಪಿಗೆ ಬೇಕು. ಮೊತ್ತ ನೆಟ್‌ವರ್ತ್‌ನ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಷೇರುದಾರರ ಸಾಮಾನ್ಯ ನಿರ್ಣಯವೂ ಬೇಕು. 4 ಕೋಟಿಯ ಶೇ 10 ಅಂದರೆ 40 ಲಕ್ಷ. 90 ಲಕ್ಷ ಅದನ್ನು ದಾಟಿದೆ. ನಿರ್ಣಯ ಇಲ್ಲ, ಮೂರು ತಿಂಗಳೊಳಗೆ ಸ್ಥಿರೀಕರಣವೂ ಇಲ್ಲ. 188(3)ರ ಪ್ರಕಾರ ವಾಯ್ಡಬಲ್.

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಸರ್, ಮಂಡಳಿ ಸಭೆಯಲ್ಲಿ ಮೂವರೂ ಸಹಿ ಹಾಕಿದ್ದಾರಲ್ಲ. ಮಂಡಳಿಯ ಒಪ್ಪಿಗೆ ಸಿಕ್ಕಿತು ಅಂತಲೇ ಅಲ್ವಾ?

ಹಳೇ ಸಿ.ಎಸ್.:
ಸಿಕ್ಕಿಲ್ಲ ಅಂತ ವಾದಿಸಬೇಕು. ಸಂಬಂಧಿತ ವ್ಯಕ್ತಿಯ ಹೆಸರು, ಸಂಬಂಧ ಏನು, ಬೆಲೆ ಹೇಗೆ ನಿಗದಿ ಮಾಡಿದರು ಅನ್ನುವುದೆಲ್ಲ ಸಭೆಯ ಅಜೆಂಡಾದಲ್ಲೇ ಇರಬೇಕು. 2014ರ ನಿಯಮಗಳಲ್ಲಿ 15ನೆಯದು ನೋಡಿ. "ಪರಿಚಯದವರ ಗೋದಾಮು" ಅಂತ ಬರೆದ ನಿರ್ಣಯ ಯಾವುದಕ್ಕೆ ಒಪ್ಪಿಗೆ? ಯಾರದೋ ಗೋದಾಮಿಗೆ. ಕ ಗೋದಾಮಿಗಲ್ಲ.

ಇನ್ನೊಂದು ಬಲೆ ಇದೆ. ಪ್ರೈವೇಟ್ ಕಂಪನಿಯಲ್ಲಿ ಸಂಬಂಧಿತ ಷೇರುದಾರ ತಾನೇ ಓಟು ಹಾಕಬಹುದು. ಹಾಕಬಾರದು ಅನ್ನುವ ನಿರ್ಬಂಧವನ್ನು 2015ರ ಅಧಿಸೂಚನೆ ಅವುಗಳಿಗೆ ತೆಗೆದುಹಾಕಿದೆ. ಅಂದರೆ ಕ, ಖ ಶೇ 60 ಇಟ್ಟುಕೊಂಡು ಸಾಮಾನ್ಯ ಸಭೆಯಲ್ಲಿ ಆರಾಮಾಗಿ ಪಾಸು ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ? ಸಭೆ ಕರೆದರೆ ನೋಟಿಸಿನಲ್ಲಿ ಹೆಸರು ಬರೆಯಬೇಕಲ್ಲ, ಬಣ್ಣ ಬಯಲಾಗುತ್ತಿತ್ತು. ಉತ್ತರದಲ್ಲಿ ಈ ಒಂದು ವಾಕ್ಯ ಬರೆಯಿರಿ. ಅಂದಹಾಗೆ ವಾರ್ಷಿಕ ಲೆಕ್ಕಪತ್ರ, ರಿಟರ್ನ್ ಸಲ್ಲಿಸದ ಕಂಪನಿಗೆ ಆ ವಿನಾಯಿತಿ ಸಿಗುವುದಿಲ್ಲ. 2017ರಲ್ಲಿ ಹಾಗೆ ಮಾಡಿದರು. ನಮ್ಮ ಕಡೆ ಎಷ್ಟೋ ಕುಟುಂಬದ ಕಂಪನಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಮಂಡಿ ಮಾವ:
ನಾನು ವಕೀಲ ಅಲ್ಲ, ಅಡಿಕೆ ವ್ಯಾಪಾರಿ. ಓದುತ್ತಾ ಇದ್ದೆ, ಎದೆ ಧಸಕ್ಕೆಂದಿತು. ನಮ್ಮ ಮನೆಯದೂ ಒಂದು ಪುಟ್ಟ ಕಂಪನಿ. 2017ರಲ್ಲಿ ನಮ್ಮ ಅಣ್ಣ ತನ್ನ ಹಳೇ ಡ್ರೈಯರ್ ಕಂಪನಿಗೆ ಮಾರಿದ. ಸಭೆಯಲ್ಲಿ ತನ್ನದು ಅಂತ ಹೇಳಿರಲಿಲ್ಲ. ಬೆಲೆ ಮಾತ್ರ ನ್ಯಾಯವಾಗೇ ಇತ್ತು, ಆಗ ಹೊರಗೆ ಅಷ್ಟಕ್ಕೇ ಸಿಗುತ್ತಿತ್ತು. ಈಗ ಅಣ್ಣನ ಮೇಲೆ ಕೇಸ್ ಹಾಕಬಹುದಾ? (ಹಾಕಲ್ಲ. ಹಬ್ಬಕ್ಕೆ ಒಟ್ಟಿಗೇ ಊಟ. ಸುಮ್ನೆ ಕೇಳಿದೆ.)

ಹಳೇ ಸಿ.ಎಸ್.:
ಮಾವ, ನಿಮ್ಮ ಪ್ರಶ್ನೆ ಪರೀಕ್ಷೆಯ ಪ್ರಶ್ನೆಗಿಂತ ಚೆನ್ನಾಗಿದೆ. ಬೆಲೆ ನ್ಯಾಯವಾಗಿದ್ದರೂ ಒಪ್ಪಿಗೆ ಸರಿಯಾಗಿ ಆಗಿರದಿದ್ದರೆ ರದ್ದು ಮಾಡುವ ಹಕ್ಕು ಹುಟ್ಟುತ್ತದೆ. 1854ರ ಅಬರ್ಡೀನ್ ರೈಲ್ವೆ ಕೇಸಿನಿಂದಲೂ ಹಾಗೆಯೇ. ಅಲ್ಲಿ ನ್ಯಾಯಾಲಯ ಬೆಲೆ ಸರಿಯೋ ತಪ್ಪೋ ಅಂತ ನೋಡಲೇ ಇಲ್ಲ. ಒಬ್ಬನೇ ಮಾರುವವನೂ ಕೊಳ್ಳುವವನೂ ಆಗಿ ಕೂತರೆ ಸಾಕು. ಆದರೆ ನಷ್ಟ ಕೇಳಲು ಹೋದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ನಷ್ಟವೇ ಆಗಿಲ್ಲವಲ್ಲ. ಮೇಲಾಗಿ ರದ್ದತಿಯ ದಾವೆಗೆ ವಿಷಯ ಗೊತ್ತಾದ ದಿನದಿಂದ 3 ವರ್ಷ. ಬ್ಯಾಲೆನ್ಸ್ ಶೀಟಿನ ಹಿಂದಿನ ಟಿಪ್ಪಣಿಗಳಲ್ಲಿ ಸಂಬಂಧಿತ ವ್ಯಕ್ತಿಗಳ ವ್ಯವಹಾರ ಅಂತ ಒಂದು ಪುಟ ಬರುತ್ತದೆ. ಅದರಲ್ಲಿ ಡ್ರೈಯರ್ ಇತ್ತಾ? ಆ ಪುಟಕ್ಕೆ ನೀವು ಸಹಿ ಹಾಕಿದ್ದೀರಾ?

ಮಂಡಿ ಮಾವ:
ಸಹಿ ಹಾಕಿದ್ದೇನೆ. ಓದಿಲ್ಲ. ಆಡಿಟರ್ ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕುವುದು ನಮ್ಮ ಪದ್ಧತಿ.

ಕೋರ್ಟ್ ಬೀದಿ:
192 ಬಗ್ಗೆ ನನ್ನದೇ ತಪ್ಪು, ಒಪ್ಪಿದೆ. ಆದರೆ ಲೆಕ್ಕ ಕೇಳಿ. ಕ ಕೊಂಡದ್ದು 30ಕ್ಕೆ, ಮಾರಿದ್ದು 90ಕ್ಕೆ. ಲಾಭ 60 ಲಕ್ಷ. ನಿರ್ದೇಶಕ ಗುಟ್ಟಾಗಿ ಮಾಡಿದ ಲಾಭ ಪೂರ್ತಿ ಕಂಪನಿಗೆ ಸೇರಬೇಕು. ರೀಗಲ್ ಹೇಸ್ಟಿಂಗ್ಸ್ ಕೇಸು, 1942. ಹಾಗಾಗಿ ಗೋದಾಮು ಇಟ್ಟುಕೊಂಡೇ 60 ಲಕ್ಷ ವಸೂಲಿ ಮಾಡಬಹುದು.

ಹಳೇ ಸಿ.ಎಸ್.:
ಇಲ್ಲಿ ನಿಲ್ಲಿ. 30 ಲಕ್ಷವಾ, 60 ಲಕ್ಷವಾ, ಸೊನ್ನೆಯಾ? ಮೂರಕ್ಕೂ ಒಬ್ಬೊಬ್ಬ ವಕೀಲ ಸಿಗುತ್ತಾನೆ.

ಕ ಗೋದಾಮು ಕೊಂಡದ್ದು 2016ರಲ್ಲಿ. ಆಗ ಕಂಪನಿ ಹುಟ್ಟಿರಲೇ ಇಲ್ಲ. 30 ಲಕ್ಷದ್ದು 60 ಆಯಿತಲ್ಲ, ಆ ಏರಿಕೆ ಅವನ ಸ್ವಂತದ್ದು. ನಾಳೆ ಬೇರೆ ಯಾರಿಗೆ ಮಾರಿದರೂ 60 ಬರುತ್ತಿತ್ತು. ಅದರಲ್ಲಿ ಕಂಪನಿಗೆ ಪಾಲಿಲ್ಲ. ಕಂಪನಿಯ ಜೇಬಿನಿಂದ ಅನ್ಯಾಯವಾಗಿ ಹೋದದ್ದು 60ರಿಂದ 90ರ ನಡುವಿನ 30 ಮಾತ್ರ. ರೀಗಲ್ ಕೇಸಿನಲ್ಲಿ ನಿರ್ದೇಶಕರು ಲಾಭ ಮಾಡಿದ್ದು ಷೇರಿನಲ್ಲಿ, ಆ ಷೇರು ಅವರಿಗೆ ಸಿಕ್ಕಿದ್ದೇ ನಿರ್ದೇಶಕರಾಗಿದ್ದರಿಂದ. ಇಲ್ಲಿ ಹಾಗಲ್ಲ.

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ಕಂಪನಿ ಗೋದಾಮು ಹುಡುಕುತ್ತಿದೆ, ಆ ವಿಷಯ ಗೊತ್ತಿದ್ದ ನಿರ್ದೇಶಕ ಕ 2022ರಲ್ಲಿ ಅದನ್ನು ತಾನು 30ಕ್ಕೆ ಕೊಂಡು ಕಂಪನಿಗೆ 90ಕ್ಕೆ ಹಾಕಿದ ಅನ್ನಿ. ಆಗ ಆ ಖರೀದಿಯ ಅವಕಾಶವೇ ಕಂಪನಿಯದ್ದು. ಆಗ 60 ಲಕ್ಷ ಪೂರ್ತಿ ಕೇಳಬಹುದು. ಟ್ರಸ್ಟ್ ಕಾಯ್ದೆಯ 88ನೇ ಸೆಕ್ಷನ್‌ನಲ್ಲಿ ಕಂಪನಿಯ ನಿರ್ದೇಶಕ ಅಂತ ಹೆಸರು ಹಿಡಿದೇ ಹೇಳಿದೆ. ನಿಮ್ಮ ಪ್ರಶ್ನೆಯಲ್ಲಿ "2016" ಅನ್ನುವುದನ್ನು ಮೇಷ್ಟ್ರು ಸುಮ್ನೆ ಹಾಕಿಲ್ಲ.

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಮೂರು ಸಲ ಬರೆದರೂ ಆ 2016 ನನ್ನ ಕಣ್ಣಿಗೆ ಬೀಳಲಿಲ್ಲ. ಸೊನ್ನೆ ಹೇಗೆ ಸರ್?

ಹಳೇ ಸಿ.ಎಸ್.:
ಹಳೇ ಇಂಗ್ಲಿಷ್ ಕಾನೂನಿನಲ್ಲಿ ಸೊನ್ನೆ. 1885ರ ಕೇಪ್ ಬ್ರೆಟನ್ ಕೇಸು. ನಿರ್ದೇಶಕ ಆಗುವ ಮುಂಚೆಯೇ ಇದ್ದ ಆಸ್ತಿ, ತನ್ನ ಪಾಲಿದೆ ಅಂತ ಹೇಳದೆ ಕಂಪನಿಗೆ ಜಾಸ್ತಿ ಬೆಲೆಗೆ ಹೋಯಿತು. ರದ್ದು ಮಾಡುವ ದಾರಿ ಮುಚ್ಚಿದ ಮೇಲೆ ಲಾಭ ಕೊಡಿಸಿ ಅಂತ ಕೇಳಿದರು. ನ್ಯಾಯಾಲಯ ಕೊಡಲಿಲ್ಲ. ಅವರ ತರ್ಕ ಇದು: ವ್ಯಾಪಾರ ಬೇಡ ಅಂದರೆ ವಾಪಸ್ ಕೊಡಿ. ಇಟ್ಟುಕೊಂಡು ಬೆಲೆ ಮಾತ್ರ ಇಳಿಸಿ ಅಂದರೆ ನಾವೇ ಇಬ್ಬರ ನಡುವೆ ಹೊಸ ಒಪ್ಪಂದ ಬರೆದುಕೊಟ್ಟ ಹಾಗಾಗುತ್ತದೆ. 1902ರಲ್ಲಿ ಕೆನಡಾದಿಂದ ಬಂದ ಬರ್ಲೆಂಡ್ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ ಕೂಡ ಅದೇ ದಾರಿ ಹಿಡಿಯಿತು.

ಇದನ್ನು ಓದಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಸುಳ್ಳು ಹೇಳಿ ಮಾರಿದವನು ಆಸ್ತಿ ಕೈಬದಲಾಗುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದ.

ನಮ್ಮ 2013ರ ಕಾಯ್ದೆ ಆ ಕಿಂಡಿ ಮುಚ್ಚಿದೆ ಅಂತ ನನ್ನ ಓದು. 166(5) ಪ್ರಕಾರ ನಿರ್ದೇಶಕ ಅನುಚಿತ ಲಾಭ ಮಾಡಿಕೊಳ್ಳಬಾರದು, ಮಾಡಿಕೊಂಡರೆ ಅಷ್ಟೇ ಮೊತ್ತ ಕಂಪನಿಗೆ ಕಟ್ಟಬೇಕು. ಒಪ್ಪಂದ ರದ್ದಾಗಿರಲೇಬೇಕು ಅಂತ ಅಲ್ಲಿ ಇಲ್ಲ. ಹಾಗಾಗಿ ನಿಮ್ಮ (ಆ) ಭಾಗಕ್ಕೆ ಉತ್ತರ ಅಲ್ಲಿದೆ. ಗೋದಾಮು ಮೂರನೆಯವರ ಕೈಗೆ ಹೋಯಿತು, ಅವರು ತಿಳಿಯದೆ ದುಡ್ಡು ಕೊಟ್ಟು ಕೊಂಡವರು. ನಿರ್ದಿಷ್ಟ ಪರಿಹಾರ ಕಾಯ್ದೆಯ 27ರಂತೆ ಈಗ ರದ್ದು ಸಿಗುವುದಿಲ್ಲ. ಆದರೆ 30 ಲಕ್ಷ ಇನ್ನೂ ಕೇಳಬಹುದು.

ಸಹ್ಯಾದ್ರಿ ಹುಡುಗ:
ಒಂದು ಡೌಟು, ಈ ಸಲ ಪ್ರಶ್ನೆ ಓದಿಯೇ ಕೇಳುತ್ತಿದ್ದೇನೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ಬೆಲೆ 48 ಲಕ್ಷ ಇದ್ದರೆ? ಆಗ 42 ಲಕ್ಷ ಕೇಳಬಹುದಲ್ಲ?

ಹಳೇ ಸಿ.ಎಸ್.:
ಇಲ್ಲ. ಮಾರ್ಗಸೂಚಿ ಬೆಲೆ ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಪೇಟೆಯ ಮುಖ್ಯ ರಸ್ತೆಯಲ್ಲಿ ಮಾರ್ಗಸೂಚಿ ಬೆಲೆಗೆ ಯಾರಾದರೂ ಗೋದಾಮು ಕೊಡುತ್ತಾರಾ, ಮಾವನನ್ನೇ ಕೇಳಿ. ಬೇಕಾದ್ದು ಖರೀದಿ ದಿನದ ಮಾರುಕಟ್ಟೆ ಬೆಲೆ. ಅದಕ್ಕೆ ಮೌಲ್ಯಮಾಪಕರ ವರದಿ, ಅದೇ ರಸ್ತೆಯಲ್ಲಿ ಆ ವರ್ಷ ಆದ ಬೇರೆ ಮಾರಾಟದ ಪತ್ರಗಳು. ಕ ಕೂಡ ಸುಮ್ಮನೆ ಕೂರುವುದಿಲ್ಲ, 85 ಲಕ್ಷದ ಇನ್ನೊಂದು ವರದಿ ತರುತ್ತಾನೆ. ನಿಜವಾದ ಜಗಳ ನಡೆಯುವುದೇ ಅಲ್ಲಿ.

ಮಂಡಿ ಮಾವ:
ಮಾರ್ಗಸೂಚಿ ಬೆಲೆಗೆ ಕೊಡುವವರು ಇದ್ದರೆ ನನಗೆ ಫೋನ್ ಮಾಡಿ.

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಸರಿ, ಮಾರಿಲ್ಲ ಅಂದುಕೊಳ್ಳೋಣ. ಆಗ ಕಂಪನಿ ರದ್ದು ಮಾಡುವುದು ಒಳ್ಳೆಯದಾ, ಇಟ್ಟುಕೊಂಡು 30 ಕೇಳುವುದು ಒಳ್ಳೆಯದಾ?

ಹಳೇ ಸಿ.ಎಸ್.:
ಅದು ಈಗ ಗೋದಾಮಿನ ಬೆಲೆ ಎಷ್ಟಿದೆ ಅನ್ನುವುದರ ಮೇಲೆ. ಬೆಲೆ ಬಿದ್ದಿದ್ದರೆ ವಾಪಸ್ ಕೊಟ್ಟು 90 ತಗೊಳ್ಳಿ. ಈಗ ಒಂದು ಕೋಟಿ ಆಗಿದ್ದರೆ ವಾಪಸ್ ಕೊಡುವುದು ದಡ್ಡತನ, ಕ ಕುಣಿದಾಡುತ್ತಾನೆ. ರದ್ದಿನಲ್ಲಿ ತಾಪತ್ರಯವೂ ಇದೆ. ಎರಡೂ ಕಡೆ ಮೊದಲಿದ್ದ ಸ್ಥಿತಿಗೆ ಬರಬೇಕು. ಕಂಪನಿ ಎರಡು ವರ್ಷ ಅಲ್ಲಿ ಅಡಿಕೆ ಇಟ್ಟಿದೆ, ಅದಕ್ಕೆ ಬಾಡಿಗೆ ಲೆಕ್ಕ ಹಾಕಿ ಅಂತ ಕ ಕೇಳುತ್ತಾನೆ. ಹಾಗಾದರೆ 90 ಲಕ್ಷಕ್ಕೆ ಬಡ್ಡಿ ಕೊಡು ಅಂತ ಕಂಪನಿ ಕೇಳುತ್ತದೆ. ಶೀಟು ಬದಲಿಸಿ ನೆಲಕ್ಕೆ ಕಾಂಕ್ರೀಟ್ ಹಾಕಿಸಿದ್ದರೆ ಅದರ ಖರ್ಚು. ಬ್ಯಾಂಕಿಗೆ ಅಡಮಾನ ಇಟ್ಟಿದ್ದರೆ ಮೊದಲು ಅದನ್ನು ಬಿಡಿಸಬೇಕು. 90 ಲಕ್ಷದ ಮೇಲೆ ಕಟ್ಟಿದ ಮುದ್ರಾಂಕ ಶುಲ್ಕ ಬೇರೆ. ಇಟ್ಟುಕೊಂಡರೂ, 30 ಲಕ್ಷದ ಮೇಲೆ ಜಾಸ್ತಿ ಕಟ್ಟಿದ ಶುಲ್ಕವನ್ನು ನಷ್ಟದಲ್ಲಿ ಸೇರಿಸಿ ಕೇಳಿ. ಹೆಚ್ಚಿನ ಹುಡುಗರು ಇದನ್ನು ಮರೆಯುತ್ತಾರೆ.

ಕೋರ್ಟ್ ಬೀದಿ:
ಇದೆಲ್ಲ ಸರಿ. ನನ್ನ ಮೊದಲ ಮಾತಿಗೆ ಉತ್ತರ ಬರಲಿಲ್ಲ. ಕೇಳುವವರು ಯಾರು? ಮಂಡಳಿಯಲ್ಲಿ ಇಬ್ಬರು ಅವರೇ, ಸಭೆಯಲ್ಲಿ ಶೇ 60 ಅವರೇ. ನಿರ್ದೇಶಕನನ್ನು ತೆಗೆಯಲೂ ಆಗಲ್ಲ.

ಹಳೇ ಸಿ.ಎಸ್.:
ಕಷ್ಟ ಇದೆ, ದಾರಿ ಇಲ್ಲ ಅನ್ನುವುದು ತಪ್ಪು. ದಬ್ಬಾಳಿಕೆಯ ವಿರುದ್ಧ 241ರಡಿ ಬೆಂಗಳೂರಿನ ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಷೇರಿನ ಹತ್ತನೇ ಒಂದು ಭಾಗ ಇದ್ದರೆ ಸಾಕು. ಗ ಒಬ್ಬನೇ ಹೋಗಬಹುದು, ಘ ಒಬ್ಬನೇ ಹೋದರೂ ಆಗುತ್ತದೆ. 242(2) ಓದಿ. ನಿರ್ದೇಶಕನ ಜೊತೆಗಿನ ಒಪ್ಪಂದ ರದ್ದು ಮಾಡುವ, ಬದಲಿಸುವ ಅಧಿಕಾರವೂ ಇದೆ. ನಿರ್ದೇಶಕ ಮಾಡಿಕೊಂಡ ಅನುಚಿತ ಲಾಭ ವಸೂಲಿ ಮಾಡುವ ಅಧಿಕಾರವೂ ಇದೆ. ಎರಡನ್ನೂ ಪರ್ಯಾಯವಾಗಿ ಕೇಳಿಕೊಳ್ಳಬಹುದು.

ಕೋರ್ಟ್ ಬೀದಿ:
ಒಂದೇ ಒಂದು ಮಾರಾಟ ದಬ್ಬಾಳಿಕೆ ಆಗುತ್ತದಾ? ನಿರಂತರ ನಡವಳಿಕೆ ಇರಬೇಕು ಅಂತ ನಮ್ಮ ಸೀನಿಯರ್ ಯಾವಾಗಲೂ ಹೇಳುತ್ತಾರೆ.

ಹಳೇ ಸಿ.ಎಸ್.:
ಹಳೇ 1956ರ ಕಾಯ್ದೆಯಲ್ಲಿ "ನಡೆಸಲಾಗುತ್ತಿದೆ" ಅಂತ ಇತ್ತು. ಹೊಸದರಲ್ಲಿ "ನಡೆಸಲಾಗಿದೆ" ಅನ್ನುವುದೂ ಸೇರಿದೆ. ಕಂಪನಿಯ ಹಿತಕ್ಕೆ ಧಕ್ಕೆ ಅನ್ನುವುದೂ ಇದೆ. ನಾನು ಹೌದು ಅನ್ನುತ್ತೇನೆ. ಆದರೆ ನಿಮ್ಮ ಸೀನಿಯರ್ ಎದುರು ಪಕ್ಷದಲ್ಲಿ ನಿಂತು ಅದೇ ಮಾತು ಹೇಳಿದರೆ ಪೀಠ ಕಿವಿಗೊಡದೇ ಇರಲಾರದು. ಅದಕ್ಕೇ ಮಾರಾಟವೊಂದನ್ನೇ ಹಿಡಿಯಬಾರದು. ಮುಚ್ಚಿಟ್ಟದ್ದು, ಸಭೆ ಕರೆಯದ್ದು, ಎರಡು ವರ್ಷ ಸುಮ್ಮನಿದ್ದದ್ದು, ಎಲ್ಲ ಒಂದು ಸರಪಳಿಯಾಗಿ ಬರೆಯಬೇಕು.

ಮಂಡಿ ಮಾವ:
ಒಂದು ದಡ್ಡ ಪ್ರಶ್ನೆ. ಆ ಗ ಇದ್ದಾನಲ್ಲ, ಅವನೂ ಸಹಿ ಹಾಕಿದವನೇ ಅಲ್ವಾ? 90 ಲಕ್ಷದ ಗೋದಾಮು ಯಾರದ್ದು ಅಂತ ಕೇಳಲೂ ಇಲ್ಲ. ನನ್ನ ಹಾಗೆ.

ಹಳೇ ಸಿ.ಎಸ್.:
ಮಾವ, ನೀವು ವ್ಯಾಪಾರ ಬಿಟ್ಟು ವಕೀಲಿಕೆ ಮಾಡಬೇಕಿತ್ತು. 188(3) ಅದನ್ನೇ ಹೇಳುತ್ತದೆ: ಒಪ್ಪಂದಕ್ಕೆ ಅನುಮತಿ ಕೊಟ್ಟ ಬೇರೆ ನಿರ್ದೇಶಕರೂ ಕಂಪನಿಯ ನಷ್ಟ ತುಂಬಿಕೊಡಬೇಕು. ಖ ಅಂತೂ ಸಿಕ್ಕಿದಳು, ಕ್ರಯಪತ್ರದಲ್ಲಿ ಗಂಡನ ಹೆಸರು ನೋಡಿಯೇ ಸಹಿ ಹಾಕಿದವಳು. ಗ ತನಗೆ ಮೋಸ ಆಯಿತು ಅನ್ನಬಹುದು. ಮಾರುವವರ ಹೆಸರಿಲ್ಲದ ನಿರ್ಣಯಕ್ಕೆ ಸಹಿ ಹಾಕುವುದು ಎಚ್ಚರಿಕೆಯ ನಿರ್ದೇಶಕ ಮಾಡುವ ಕೆಲಸವಾ ಅಂತ ಕ ಕಡೆಯ ವಕೀಲರು ಕೇಳೇ ಕೇಳುತ್ತಾರೆ. 188(5)ರ 5 ಲಕ್ಷ ದಂಡದ ಮಾತೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅರ್ಜಿಯಲ್ಲಿ ಘ ಮುಂದೆ ನಿಂತರೆ ವಾಸಿ. ಅವನ ಸಹಿ ಎಲ್ಲೂ ಇಲ್ಲ.

ಕೋರ್ಟ್ ಬೀದಿ:
ಇದನ್ನು ನಾನು ಒಪ್ಪಲ್ಲ. ಹೆಸರನ್ನೇ ಮುಚ್ಚಿಟ್ಟ ಮೇಲೆ ಗ ಯಾವುದಕ್ಕೆ ಅನುಮತಿ ಕೊಟ್ಟ? ಒಪ್ಪಿಗೆಯೇ ಇಲ್ಲ ಅಂತ ಮೇಲೆ ನೀವೇ ಹೇಳಿದಿರಿ. ಕ ವಿರುದ್ಧ ಒಪ್ಪಿಗೆ ಇಲ್ಲ, ಗ ವಿರುದ್ಧ ಇದೆ ಅಂದರೆ ಹೇಗೆ?

ಹಳೇ ಸಿ.ಎಸ್.:
ಒಳ್ಳೆ ಏಟು. ರಾತ್ರಿ ಯೋಚಿಸಿ ಬರೆಯುತ್ತೇನೆ.

ತೀರ್ಥಹಳ್ಳಿ_ಎಲ್‌ಎಲ್‌ಬಿ:
ಪ್ರಶ್ನೆಯಲ್ಲಿ ಗ ಬಗ್ಗೆ ಕೇಳೇ ಇಲ್ಲ ಸರ್! ಇರುವುದು 16 ಅಂಕ, ಅರ್ಧ ಗಂಟೆ. ಈಗ ಇಲ್ಲಿ ಕರೆಂಟೂ ಹೋಯಿತು, ನಾಲ್ಕನೇ ಸಲ ಬರೆಯುವುದು ಬೆಳಿಗ್ಗೆಯೇ.

ಮಂಡಿ ಮಾವ:
ನಾನೂ ಬೆಳಿಗ್ಗೆ ಹಳೇ ಬ್ಯಾಲೆನ್ಸ್ ಶೀಟು ಹುಡುಕುತ್ತೇನೆ. ಅಟ್ಟದ ಮೇಲೆ ಎಲ್ಲೋ ಇರಬೇಕು, ಗೆದ್ದಲು ಬಿಟ್ಟಿದ್ದರೆ.